ಕೆಟ್ಟದ್ದು ಮೊದಲು ಯಾರಿಗೆ ಗೊತ್ತಾಗಬೇಕು?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಪೇಟೆಗಳಲ್ಲಿ ಇವತ್ತು ಇಬ್ಬರು ಮೂವರು ಸೇರಿ ಬರೆದು, ತಾವೇ ನೋಡಿಕೊಳ್ಳುವ ಸಣ್ಣ ಸಾಫ್ಟ್‌ವೇರುಗಳಿಗೆ ಕೆಲಸ ಇದೆ. ಹಾಲಿನ ಸೊಸೈಟಿ, ಕ್ಲಿನಿಕ್ಕಿನ ಟೋಕನ್, ಶಾಲೆಯ ಬಸ್ಸು, ಅಡಿಕೆ ಅಂಗಡಿಯ ಲೆಕ್ಕ ಎಲ್ಲವೂ ಎಲ್ಲೋ ಬಾಡಿಗೆಗೆ ಪಡೆದ ಒಂದು ಸರ್ವರಿನ ಮೇಲೆ ಓಡುತ್ತವೆ. ಅದು ಕೆಟ್ಟರೆ ಗೊತ್ತಾಗುವ ದಾರಿ ಹೆಚ್ಚಿನ ಕಡೆ ಒಂದೇ: ಯಾರಾದರೂ ಫೋನ್ ಮಾಡುತ್ತಾರೆ. ಇಷ್ಟು ಸಣ್ಣ ವ್ಯವಸ್ಥೆಗೆ ಅಷ್ಟು ಸಾಕು, ಲಾಗು, ಅಲರ್ಟು ಎಲ್ಲ ದೊಡ್ಡ ಕಂಪನಿಗಳಿಗೆ ಎನ್ನುವವರಿದ್ದಾರೆ. ಈ ಮಾತು ತಪ್ಪು ಎಂದು ನನ್ನ ವಾದ. ದೊಡ್ಡ ಕಂಪನಿಯ ಸೇವೆ ನಿಂತರೆ ಲಕ್ಷ ಜನ ಕೂಗುತ್ತಾರೆ. ಸಣ್ಣ ಆ್ಯಪ್ ನಿಂತಾಗ ಕೂಗುವವರೇ ಇರುವುದಿಲ್ಲ.

ಹಾಲಿನ ಲೆಕ್ಕದ ಒಂದು ಆ್ಯಪನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಬೆಳ್ತಂಗಡಿ ತಾಲೂಕಿನ ಇಪ್ಪತ್ತು ಸೊಸೈಟಿಗಳು ಅದನ್ನು ಬಳಸುತ್ತವೆ, ನೋಡಿಕೊಳ್ಳುವವರು ಮೂಡುಬಿದಿರೆಯಲ್ಲಿರುವ ಇಬ್ಬರು ಎಂದು ಭಾವಿಸಿ. ಬೆಳಿಗ್ಗೆಯೂ ಸಂಜೆಯೂ ಹಾಲು ಅಳೆದ ಕೂಡಲೇ ಲೀಟರು, ಫ್ಯಾಟು, ದರ ಎಲ್ಲ ಸರ್ವರಿಗೆ ಹೋಗುತ್ತದೆ. ಅಲ್ಲಿಂದ ಸದಸ್ಯರ ಮೊಬೈಲಿಗೆ ಎಸ್ಸೆಮ್ಮೆಸ್ ಬರುತ್ತದೆ. ಒಂದು ದಿನ ಅದು ಬರಲಿಲ್ಲ ಎಂದುಕೊಳ್ಳಿ. ಹಾಲು ಹಾಕಿದವರು ಏನು ಮಾಡುತ್ತಾರೆ? ಮಳೆ, ಟವರ್ ಇಲ್ಲ ಎಂದುಕೊಂಡು ಸುಮ್ಮನಾಗುತ್ತಾರೆ. ಸೊಸೈಟಿಯಲ್ಲಿ ಪುಸ್ತಕಕ್ಕೆ ಬರೆದಿರುತ್ತಾರೆ, ಹಾಲು ಟ್ಯಾಂಕರಿಗೆ ಹೋಗಿರುತ್ತದೆ, ಹಾಗಾಗಿ ಯಾರ ಕೆಲಸವೂ ನಿಲ್ಲುವುದಿಲ್ಲ. ದೂರು ಬರುವುದು ಬಿಲ್ಲಿನ ದಿನ, ಮೊತ್ತ ಹೊಂದದೆ ಹೋದಾಗ. ಅಷ್ಟರಲ್ಲಿ ತಪ್ಪು ಹಲವು ದಿನ ಹಳೆಯದಾಗಿರುತ್ತದೆ, ಸಿಟ್ಟು ಸೊಸೈಟಿಯ ಕಾರ್ಯದರ್ಶಿಯ ಮೇಲೆ ಬಿದ್ದಿರುತ್ತದೆ.

ಇಂಥ ತಪ್ಪು ಹೇಗಾಗುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಮ್ಮ ದೇಶದಲ್ಲಿ ವ್ಯವಹಾರದ ಎಸ್ಸೆಮ್ಮೆಸ್ ಕಳಿಸಬೇಕಾದರೆ ಅದರ ಒಕ್ಕಣೆಯನ್ನು ಮೊದಲೇ ನೋಂದಾಯಿಸಿರಬೇಕು. ಇದು ಟ್ರಾಯ್ 2018ರಲ್ಲಿ ತಂದ ನಿಯಮ. ಹೋಗುವ ಸಂದೇಶ ಆ ಒಕ್ಕಣೆಗೆ ಹೊಂದದಿದ್ದರೆ ಟೆಲಿಕಾಂ ಕಂಪನಿ ಅದನ್ನು ತಡೆಯುತ್ತದೆ. 2021ರ ಮಾರ್ಚ್ 8ರಂದು ಈ ತಪಾಸಣೆ ಬಿಗಿಯಾಗಿ ಜಾರಿಯಾದಾಗ ದೊಡ್ಡ ದೊಡ್ಡ ಬ್ಯಾಂಕುಗಳ ಒಟಿಪಿಗಳೇ ಬಾರದೆ ಹೋದವು, ಟ್ರಾಯ್ ಅದನ್ನು ಏಳು ದಿನ ತಡೆಹಿಡಿಯಬೇಕಾಯಿತು. ನಮ್ಮ ಹಾಲಿನ ಆ್ಯಪಿನಲ್ಲಿ ಯಾರೋ ಒಳ್ಳೆಯ ಮನಸ್ಸಿನಿಂದ ‘ಧನ್ಯವಾದ’ ಎಂಬ ಒಂದು ಪದವನ್ನು ಸಂದೇಶದ ಕೊನೆಗೆ ಸೇರಿಸಿದರೂ ಸಾಕು. ಎಸ್ಸೆಮ್ಮೆಸ್ ಗೇಟ್‌ವೇ ನಮ್ಮ ಕೋರಿಕೆಯನ್ನು ಸ್ವೀಕರಿಸಿ `200` ಎಂದು ಉತ್ತರ ಕೊಡಬಹುದು. ತಡೆ ಬೀಳುವುದು ಆಮೇಲೆ, ಬೇರೆ ಕಡೆ. ನಮ್ಮ ಪ್ರೋಗ್ರಾಂ ಮಾತ್ರ `200` ನೋಡಿ ‘ಎಸ್ಸೆಮ್ಮೆಸ್ ಹೋಯಿತು’ ಎಂದು ಲಾಗಿನಲ್ಲಿ ಬರೆದು ಮುಂದೆ ಹೋಗುತ್ತದೆ. ಪ್ರೋಗ್ರಾಂ ಎಲ್ಲೂ ಮುರಿದುಬೀಳುವುದಿಲ್ಲ. ಸೆಂಟ್ರಿಯಂಥ, ಎರರ್ ಹಿಡಿಯುವ ಸಾಧನ ಇದ್ದರೂ ಅದಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ.

ಹಾಗಾಗಿ ಲಾಗು ಬರೆಯುವಾಗ ಮೊದಲ ಪ್ರಶ್ನೆ, ಯಾವುದನ್ನು ಘಟನೆ ಎಂದು ಎಣಿಸಬೇಕು ಎಂಬುದು. ಎಸ್ಸೆಮ್ಮೆಸ್ ಕೇಳಿಕೊಂಡದ್ದು ಒಂದು ಘಟನೆ, ಗೇಟ್‌ವೇ ಒಪ್ಪಿದ್ದು ಇನ್ನೊಂದು, ಮೊಬೈಲಿಗೆ ತಲುಪಿದ ವರದಿ ಬಂದದ್ದು ಅಥವಾ ಬಾರದ್ದು ಮೂರನೆಯದು. ಮೂರಕ್ಕೂ ಒಂದೇ ಚೀಟಿ ಸಂಖ್ಯೆ ಇರಬೇಕು. ಇದನ್ನು ಮನುಷ್ಯರು ಓದುವ ವಾಕ್ಯವಾಗಿ ಬರೆದರೆ ಮುಂದೆ ಹುಡುಕುವುದು ಕಷ್ಟ. ಒಂದು ಘಟನೆಗೆ ಒಂದು ಸಾಲು, ಪ್ರತಿ ಮಾಹಿತಿಗೂ ಅದರದೇ ಹೆಸರು, ಹೀಗೆ ಜೇಸನ್ ರೂಪದಲ್ಲಿ ಬರೆದರೆ ಯಂತ್ರವೇ ಎಣಿಸಿ ಕೊಡುತ್ತದೆ:

```json
{"time":"2025-07-14T09:41:08+05:30","level":"error","event":"sms_failed","society":"S07","slip_id":"S07-0142","measured_at":"2025-07-14T06:52:30+05:30","reason":"template_mismatch"}
```

ಈ ಸಾಲಿನಲ್ಲಿ ಎರಡು ಸಮಯ ಇರುವುದನ್ನು ಗಮನಿಸಿ. ಆಟಿಯ ಮಳೆಯಲ್ಲಿ ಘಟ್ಟದ ಬುಡದ ಸೊಸೈಟಿಗಳಲ್ಲಿ ಕರೆಂಟು, ನೆಟ್ಟು ಎರಡೂ ಹೋಗುತ್ತವೆ. ಆ್ಯಪ್ ಅಳತೆಯನ್ನು ಅಲ್ಲೇ ಇಟ್ಟುಕೊಂಡು ನೆಟ್ ಬಂದ ಮೇಲೆ ಕಳಿಸುತ್ತದೆ. ಸರ್ವರಿಗೆ ಬಂದ ಹೊತ್ತನ್ನಷ್ಟೇ ಬರೆದರೆ ಬೆಳಗ್ಗಿನ ಹಾಲು ಸಂಜೆಯದೆಂದು ತೋರಿ, ಇಲ್ಲದ ತಪ್ಪನ್ನು ಹುಡುಕುತ್ತಾ ಕೂರಬೇಕಾಗುತ್ತದೆ. ಸಮಯದ ಜೊತೆ `+05:30` ಬರೆಯುವುದೂ ಅಷ್ಟೇ ಮುಖ್ಯ, ಏಕೆಂದರೆ ಬಾಡಿಗೆಯ ಸರ್ವರುಗಳ ಗಡಿಯಾರ ಹೆಚ್ಚಾಗಿ ಯುಟಿಸಿಯಲ್ಲಿರುತ್ತದೆ. ಸಾಲಿನಲ್ಲಿ ಸದಸ್ಯರ ಹೆಸರಾಗಲಿ ಮೊಬೈಲ್ ನಂಬರಾಗಲಿ ಇಲ್ಲ, ಇರಲೂಬಾರದು. ಚೀಟಿ ಸಂಖ್ಯೆ ಇದ್ದರೆ ಡೇಟಾಬೇಸಿನಲ್ಲಿ ಅವರು ಯಾರೆಂದು ನೋಡಬಹುದು. ಲಾಗಿನ ಕಡತ ಹಲವರ ಕಣ್ಣಿಗೆ ಬೀಳುವಂಥದ್ದು, ಜನರ ಗುಟ್ಟು ಅಲ್ಲಿರಬೇಕಾದ್ದಲ್ಲ.

ಲಿನಕ್ಸ್ ಸರ್ವರಿನಲ್ಲಿ ಪ್ರೋಗ್ರಾಮನ್ನು ಸಿಸ್ಟಮ್‌ಡಿ ನಡೆಸುತ್ತಿದ್ದರೆ, ಅದು ಮುದ್ರಿಸಿದ ಸಾಲುಗಳೆಲ್ಲ ತಾವಾಗಿ ಜರ್ನಲ್‌ಗೆ ಸೇರುತ್ತವೆ. ಇವತ್ತು ಎಷ್ಟು ಎಸ್ಸೆಮ್ಮೆಸ್ ಯಾವ ಕಾರಣಕ್ಕೆ ಬಿದ್ದುಹೋದವು ಎಂದು ಕೇಳಲು ಇಷ್ಟು ಸಾಕು:

```sh
journalctl -u halu --since today -o cat \
 | jq -Rr 'fromjson? | select(.event=="sms_failed") | .reason' \
 | sort | uniq -c
```

`-R` ಜೊತೆ `fromjson?` ಹಾಕಿದ್ದಕ್ಕೆ ಕಾರಣವಿದೆ. ‘ಸೇವೆ ಆರಂಭವಾಯಿತು’ ಎಂಬಂಥ ಸಿಸ್ಟಮ್‌ಡಿಯ ಸ್ವಂತ ಸಾಲುಗಳೂ ನಡುವೆ ಬರುತ್ತವೆ, ಅವು ಜೇಸನ್ ಅಲ್ಲ. ಎಲ್ಲ ಸಾಲನ್ನೂ ನೇರವಾಗಿ ಜೇಸನ್ ಎಂದೇ ಓದಿಸಿದರೆ ಎಣಿಕೆ ಅರ್ಧದಲ್ಲೇ ನಿಲ್ಲುತ್ತದೆ. ಜರ್ನಲ್‌ನ ಸೆಟ್ಟಿಂಗಿನಲ್ಲಿ `Storage=persistent` ಎಂದು ಕೊಡುವುದೂ ಒಳ್ಳೆಯದು. ಲಾಗು ಬರೀ ಮೆಮೊರಿಯಲ್ಲಿದ್ದರೆ ಸರ್ವರ್ ರೀಸ್ಟಾರ್ಟ್ ಆದಾಗ ಅಳಿಸಿಹೋಗುತ್ತದೆ. ಲಾಗು ಬೇಕಾಗುವುದು ಅಂಥ ಹೊತ್ತಿನಲ್ಲೇ.

ಇನ್ನು ಅಲರ್ಟಿನ ವಿಚಾರ. ಇಲ್ಲಿ ಜನ ಎಡವುವುದು ಲಾಗು ಮತ್ತು ಅಲರ್ಟು ಒಂದೇ ಎಂದುಕೊಂಡು. ಲಾಗು ಇರುವುದು ನಾವು ಕೇಳಿದಾಗ ಉತ್ತರ ಕೊಡಲಿಕ್ಕೆ, ಅದು ಎಷ್ಟಿದ್ದರೂ ತೊಂದರೆಯಿಲ್ಲ. ಅಲರ್ಟು ಮನುಷ್ಯನನ್ನು ಎಬ್ಬಿಸುವಂಥದ್ದು, ಅದು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಪ್ರತಿ ಎರರ್‌ಗೂ ಒಂದು ಸಂದೇಶ ಬರುವಂತೆ ಮಾಡಿದರೆ, ಒಂದು ಸೊಸೈಟಿಯ ನೆಟ್ ಹೋದ ದಿನ ನೂರಾರು ಬರುತ್ತವೆ. ಮರುದಿನ ಆ ಗ್ರೂಪನ್ನು ಮ್ಯೂಟ್ ಮಾಡುತ್ತೇವೆ. ಅಲ್ಲಿಗೆ ಅಲರ್ಟು ಇದ್ದೂ ಇಲ್ಲದಂತೆ. ಎಬ್ಬಿಸಿದ ಮನುಷ್ಯ ಆ ಗಳಿಗೆಯಲ್ಲಿ ಏನಾದರೂ ಮಾಡಲು ಸಾಧ್ಯವಿದ್ದರೆ ಮಾತ್ರ ಅಲರ್ಟು ಬಾರಿಸಬೇಕು. ಉಳಿದದ್ದು ಮರುದಿನ ಬೆಳಿಗ್ಗೆ ನೋಡುವ ಪಟ್ಟಿಗೆ ಹೋಗಲಿ.

ಈ ಅಳತೆಗೋಲಿನಿಂದ ನೋಡಿದರೆ ನಮ್ಮ ಹಾಲಿನ ಆ್ಯಪಿಗೆ ಮೂರೇ ಅಲರ್ಟು ಸಾಕು. ಹೊರಗಿನಿಂದ ನೋಡಿದಾಗ ಸರ್ವರ್ ಸತತ ಐದು ನಿಮಿಷ ಉತ್ತರ ಕೊಡದಿದ್ದರೆ ಒಂದು. ಅರ್ಧ ಗಂಟೆಯಲ್ಲಿ ಕಳಿಸಿದ ಎಸ್ಸೆಮ್ಮೆಸ್‌ಗಳಲ್ಲಿ ಅರ್ಧದಷ್ಟೂ ತಲುಪದಿದ್ದರೆ ಇನ್ನೊಂದು. ಮೂರನೆಯದೇ ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು: ಆಗಬೇಕಾದದ್ದು ಆಗದೇ ಹೋದಾಗ ಬಾರಿಸುವಂಥದ್ದು. ಬೆಳಿಗ್ಗೆ ಒಂಬತ್ತಕ್ಕೆ ಇಪ್ಪತ್ತು ಸೊಸೈಟಿಗಳಲ್ಲಿ ಕನಿಷ್ಠ ಹನ್ನೆರಡರ ಲೆಕ್ಕ ಬಂದಿರಲೇಬೇಕು. ಮಳೆಗಾಲದಲ್ಲಿ ಹಲವು ಸೊಸೈಟಿ ತಡವಾಗುವುದು ಮಾಮೂಲು, ಅದಕ್ಕಾಗಿ ಹನ್ನೆರಡು. ಬಂದಿದ್ದರೆ ಸರ್ವರ್ ಹೊರಗಿನ ಒಂದು ಕಾವಲು ಸೇವೆಗೆ ‘ಎಲ್ಲ ಸರಿ’ ಎಂದು ತಿಳಿಸುತ್ತದೆ. ಹೆಲ್ತ್‌ಚೆಕ್ಸ್ ಎಂಬ ಸೇವೆ ಇದನ್ನೇ ಮಾಡುತ್ತದೆ. ಹೇಳಿದ ಹೊತ್ತಿಗೆ ಸುದ್ದಿ ಬಾರದಿದ್ದರೆ ಅದು ನಮ್ಮನ್ನು ಕರೆಯುತ್ತದೆ.

```cron
35 3 * * * /opt/halu/check_morning.sh && curl -fsS -m 10 --retry 3 -o /dev/null https://hc-ping.com/UUID
```

`35 3` ಎಂದರೆ ಯುಟಿಸಿಯ 3.35, ನಮ್ಮ ಬೆಳಿಗ್ಗೆ 9.05. ನಡುವಿನ `&&` ಇಲ್ಲಿ ಜೀವಾಳ. ಎಣಿಕೆ ಸರಿಯಿದ್ದರೆ ಮಾತ್ರ ಸುದ್ದಿ ಹೋಗುತ್ತದೆ. ಸರ್ವರ್ ಸತ್ತರೂ, ಡಿಸ್ಕ್ ತುಂಬಿದರೂ, ಈ ಸ್ಕ್ರಿಪ್ಟೇ ಕೆಟ್ಟರೂ ಸುದ್ದಿ ಹೋಗುವುದಿಲ್ಲ, ಅಲರ್ಟು ಬರುತ್ತದೆ. ಸತ್ತ ಸರ್ವರ್ ತಾನು ಸತ್ತೆನೆಂದು ಹೇಳಲಾರದು, ಆದ್ದರಿಂದ ಕಾವಲು ಹೊರಗೇ ಇರಬೇಕು. ಇದೇ ಕಾರಣಕ್ಕೆ, ಸದಸ್ಯರಿಗೆ ಎಸ್ಸೆಮ್ಮೆಸ್ ಹೋಗುವ ಗೇಟ್‌ವೇಯಿಂದಲೇ ನಮ್ಮ ಅಲರ್ಟೂ ಬರಬಾರದು. ಆ ದಾರಿ ಮುಚ್ಚಿದ ದಿನ ದಾರಿ ಮುಚ್ಚಿದೆಯೆಂಬ ಸುದ್ದಿಯೂ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಇದಕ್ಕೆಲ್ಲ ಖರ್ಚು, ಸಮಯ ಯಾರು ಕೊಡುತ್ತಾರೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಸೊಸೈಟಿ ಕೊಡುವ ದುಡ್ಡಿನಲ್ಲಿ ದೊಡ್ಡ ವ್ಯವಸ್ಥೆ ಕಟ್ಟಲಾಗದು, ಕಟ್ಟಬೇಕಾಗಿಯೂ ಇಲ್ಲ. ಮೇಲೆ ಹೇಳಿದ್ದರಲ್ಲಿ ಜರ್ನಲ್, ಜೆಕ್ಯೂ, ಕ್ರಾನ್ ಮೂರಕ್ಕೂ ದುಡ್ಡಿಲ್ಲ, ಹೆಲ್ತ್‌ಚೆಕ್ಸ್‌ನ ಕೋಡ್ ಕೂಡ ಮುಕ್ತವಾಗಿದೆ. ನಿಜವಾಗಿ ಬೇಕಾದ್ದು, ಬೆಳಿಗ್ಗೆ ಒಂಬತ್ತಕ್ಕೆ ಎಷ್ಟು ಸೊಸೈಟಿ ಬಂದಿರಬೇಕೆಂಬ ಆ ಒಂದು ಸಂಖ್ಯೆ. ಅದು ಯಾವ ಸಾಧನದಲ್ಲೂ ಸಿಗುವುದಿಲ್ಲ, ಹಾಲಿನ ಕೆಲಸ ಗೊತ್ತಿದ್ದವರನ್ನೇ ಕೇಳಬೇಕು. ಈ ಸಂಖ್ಯೆಗೂ ಮಿತಿಯಿದೆ: ಒಂದೇ ಸೊಸೈಟಿಯಲ್ಲಿ ಒಬ್ಬರ ಫ್ಯಾಟು ತಪ್ಪಾಗಿ ದಾಖಲಾದರೆ ಇದು ಹಿಡಿಯದು. ಅಂಥದಕ್ಕೆ ದೂರೇ ಗತಿ. ಆದರೆ ದೂರು ಬಂದಾಗ ಚೀಟಿ ಸಂಖ್ಯೆ ಹಾಕಿ ಲಾಗಿನಲ್ಲಿ ಹುಡುಕಿ, ಏನಾಯಿತೆಂದು ಅಲ್ಲೇ ಹೇಳಬಹುದು.

ಅಲರ್ಟು ಕಟ್ಟಿದವರು ಇನ್ನೊಂದು ಕೆಲಸ ಮಾಡಲೇಬೇಕು. ಹಾಲು ಅಳೆದು ಮುಗಿದ ಒಂದು ದಿನ, ಸ್ಕ್ರಿಪ್ಟಿನ ಹನ್ನೆರಡನ್ನು ಇಪ್ಪತ್ತೊಂದು ಮಾಡಿ ಬೇಕೆಂದೇ ಸೋಲಿಸಿ, ‘ಎಲ್ಲ ಸರಿ’ ಎಂಬ ಸುದ್ದಿಯನ್ನು ತಡೆದು ನೋಡಿ. ಫೋನ್ ಬಾರಿಸಿತೇ? ಸೈಲೆಂಟಿನಲ್ಲಿದ್ದರೂ ಬಾರಿಸಿತೇ? ಒಬ್ಬರು ಎತ್ತದಿದ್ದರೆ ಇನ್ನೊಬ್ಬರಿಗೆ ಹೋಯಿತೇ? ಮೂರರಲ್ಲಿ ಒಂದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೂ ನಿಮಗೆ ಅಲರ್ಟು ಇಲ್ಲವೆಂದೇ ಅರ್ಥ. ಸಂಖ್ಯೆಯನ್ನು ಮತ್ತೆ ಹನ್ನೆರಡಕ್ಕೆ ತನ್ನಿ, ಬಾರಿಸುವವರೆಗೆ ಸರಿಪಡಿಸಿ. ಜನ ದುಡಿದು ತಂದ ಹಾಲಿನ ಲೆಕ್ಕವನ್ನು ನಂಬಿ ನಮ್ಮ ಕೈಗೆ ಕೊಟ್ಟಿದ್ದಾರೆ. ಅದು ತಪ್ಪಿದಾಗ ಮೊದಲು ಗೊತ್ತಾಗಬೇಕಾದವರು ನಾವು, ಅವರಲ್ಲ.