ಬಿಲ್ಲಿನ ವಿಳಾಸ, ಖರ್ಚಿನ ವಿಳಾಸ

ಖರ್ಚಿನ ಬಿಲ್ಲು ಪುಸ್ತಕಕ್ಕೆ ಏರುವ ಮುನ್ನ ಎರಡು ಪ್ರಶ್ನೆಗಳು ಇತ್ಯರ್ಥವಾಗಬೇಕು. ಹಣ ಯಾತಕ್ಕೆ ಹೋಯಿತೆಂಬುದನ್ನು ಲೆಕ್ಕಶೀರ್ಷಿಕೆ, ಅಂದರೆ ಬಾಡಿಗೆ, ಇಂಧನ, ದುರಸ್ತಿಯಂಥ ಲೆಡ್ಜರ್ ಖಾತೆ, ಹೇಳುತ್ತದೆ. ಸಂಸ್ಥೆಯ ಯಾವ ಭಾಗಕ್ಕಾಗಿ ಹೋಯಿತೆಂಬುದನ್ನು ವೆಚ್ಚಕೇಂದ್ರ ಹೇಳುತ್ತದೆ. ಎರಡನೆಯ ಉತ್ತರ ತಪ್ಪಿದರೂ ಡೆಬಿಟ್ಟು ಕ್ರೆಡಿಟ್ಟು ಸರಿಹೊಂದಿಯೇ ಇರುತ್ತವೆ, ಒಟ್ಟು ಲಾಭವೂ ಒಂದು ಪೈಸೆ ಕದಲುವುದಿಲ್ಲ. ಹಾಗಾಗಿ ಈ ತಪ್ಪನ್ನು ಟ್ರಯಲ್ ಬ್ಯಾಲೆನ್ಸ್ ಎಂದಿಗೂ ಹಿಡಿದುಕೊಡಲಾರದು.

ಕಾಮಾಕ್ಷಿಪಾಳ್ಯದಲ್ಲಿ ಕೇಂದ್ರ ಅಡುಗೆಮನೆ, ವಿಜಯನಗರ, ರಾಜಾಜಿನಗರ, ಕೆಂಗೇರಿಗಳಲ್ಲಿ ಒಂದೊಂದು ಶಾಖೆ ಇರುವ ದರ್ಶಿನಿಯೊಂದನ್ನು ಊಹಿಸಿಕೊಳ್ಳಬಹುದು. ತಿಂಗಳಿಗೆ 60 ವಾಣಿಜ್ಯ ಸಿಲಿಂಡರ್ ಬರುತ್ತವೆ. ಲೆಕ್ಕ ಸುಲಭವಾಗಲೆಂದು ತೆರಿಗೆ ಸೇರಿ ತಲಾ 2,000 ರೂಪಾಯಿ ಎಂದಿಟ್ಟುಕೊಂಡರೆ ಬಿಲ್ಲು 1,20,000. (ಶೇಕಡಾ 5ರ ಜಿಎಸ್‌ಟಿಯಲ್ಲಿರುವ ಹೋಟೆಲಿಗೆ ಖರೀದಿಯ ಮೇಲಿನ ತೆರಿಗೆ ವಾಪಸು ಸಿಗುವುದಿಲ್ಲವಾದ್ದರಿಂದ ಆ ತೆರಿಗೆಯೂ ಖರ್ಚೇ.) ಗ್ಯಾಸ್ ಸಂಪರ್ಕ ಮೊದಲ ಶಾಖೆಯ ಹೆಸರಿನಲ್ಲಿರುವುದರಿಂದ ಬಿಲ್ಲಿನ ಮೇಲೆ ವಿಜಯನಗರದ ವಿಳಾಸವಿರುತ್ತದೆ, ಗುಮಾಸ್ತರು ಅದನ್ನೇ ನೋಡಿ ಪೂರ್ತಿ ಮೊತ್ತವನ್ನು ಆ ಶಾಖೆಗೆ ಬರೆಯುತ್ತಾರೆ. 8,00,000 ವ್ಯಾಪಾರದ ಶಾಖೆಯಲ್ಲಿ ಇಂಧನವೇ ಶೇಕಡಾ 15 ನುಂಗಿದಂತೆ ವರದಿ ತೋರಿಸುತ್ತದೆ. ಕೆಂಗೇರಿಯಲ್ಲಿ ಒಲೆ ಹೊತ್ತಿಸದೆಯೇ ದೋಸೆ ಬೆಂದಂತಾಗುತ್ತದೆ.

ನಿಜ ಗೊತ್ತಿರುವುದು ಸಿಲಿಂಡರ್ ಇಳಿಸಿಕೊಂಡು ಸಹಿ ಹಾಕಿದವರಿಗೆ. ಡೆಲಿವರಿ ಚಲನ್‌ಗಳನ್ನು ಜೋಡಿಸಿದಾಗ ಅಡುಗೆಮನೆಗೆ 36, ವಿಜಯನಗರಕ್ಕೆ 10, ರಾಜಾಜಿನಗರಕ್ಕೆ 8, ಕೆಂಗೇರಿಗೆ 6 ಎಂದು ಹೊರಬೀಳುತ್ತದೆ. ಆಗ ವಿಜಯನಗರದ ಪಾಲು 20,000, ಅಂದರೆ ವ್ಯಾಪಾರದ ಶೇಕಡಾ ಎರಡೂವರೆ. ಆದ್ದರಿಂದ ವೆಚ್ಚಕೇಂದ್ರದ ಕೋಡನ್ನು ಆರ್ಡರ್ ಕೊಡುವಾಗಲೇ ಬರೆಸುವುದು ಮೇಲು. ಪುಸ್ತಕಕ್ಕೆ ಏರಿಸುವ ಹೊತ್ತಿಗೆ ಮಾಹಿತಿ ಕಾಗದದಿಂದ ಜಾರಿಹೋಗಿರುತ್ತದೆ.

ಅಡುಗೆಮನೆಯ 72,000 ರೂಪಾಯಿಯನ್ನು ಕೂಡಲೇ ಶಾಖೆಗಳಿಗೆ ಹಂಚಿಬಿಡಬೇಕೆಂಬ ವಾದವೂ ಇದೆ. ದೋಸೆಯ ಬೆಲೆ ಕಟ್ಟುವಾಗ ಆ ಹಂಚಿಕೆ ಅಗತ್ಯವೇ, ಕಳಿಸಿದ ಹಿಟ್ಟು, ಸಾಂಬಾರಿನ ತೂಕ ಅದಕ್ಕೆ ಆಧಾರವಾಗಬಹುದು. ಆದರೆ ಬಿಲ್ಲು ಬರೆಯುವಾಗಲೇ ಹಂಚಿದರೆ ಅಡುಗೆಮನೆಯ ಬರ್ನರ್ ಕೆಟ್ಟು ಗ್ಯಾಸ್ ಪೋಲಾದದ್ದು ಮೂರು ಶಾಖೆಗಳಲ್ಲಿ ಚೂರುಚೂರಾಗಿ ಅಡಗಿಹೋಗುತ್ತದೆ, ಅದನ್ನು ತಡೆಯಲಾಗದ ಶಾಖಾ ಮ್ಯಾನೇಜರರು ಉತ್ತರ ಹೇಳಬೇಕಾಗುತ್ತದೆ. ಅಡುಗೆಮನೆಯನ್ನೇ ಒಂದು ವೆಚ್ಚಕೇಂದ್ರವಾಗಿಟ್ಟು, ಹಂಚಿಕೆಯನ್ನು ತಿಂಗಳ ಕೊನೆಯಲ್ಲಿ ಪ್ರತ್ಯೇಕ ಸಾಲಾಗಿ ತೋರಿಸುವುದೇ ಹೆಚ್ಚು ಪ್ರಾಮಾಣಿಕ.

‘ಗ್ಯಾಸ್–ವಿಜಯನಗರ’, ‘ಗ್ಯಾಸ್–ಕೆಂಗೇರಿ’ ಎಂದು ಊರಿನ ಹೆಸರನ್ನೇ ಲೆಡ್ಜರಿಗೆ ಅಂಟಿಸುವುದು ಸಣ್ಣ ಸಂಸ್ಥೆಗಳ ರೂಢಿ. ಇದರಿಂದ 20 ಶೀರ್ಷಿಕೆಗಳು ನಾಲ್ಕು ಸ್ಥಳಗಳಿಗೆ 80 ಆಗುತ್ತವೆ, ಒಟ್ಟು ಇಂಧನವೆಷ್ಟೆಂದು ತಿಳಿಯಲು ಕೂಡುತ್ತ ಕೂರಬೇಕು. ಬೆಂಗಳೂರಿನದೇ ತಂತ್ರಾಂಶವಾದ ಟ್ಯಾಲಿ ಲೆಕ್ಕಶೀರ್ಷಿಕೆ, ವೆಚ್ಚಕೇಂದ್ರ ಎರಡನ್ನೂ ಬೇರೆ ಬೇರೆಯಾಗಿ ಇಡಲು ಅವಕಾಶ ಕೊಡುತ್ತದೆ. ಆದರೆ ಆಯಾ ಲೆಡ್ಜರಿನಲ್ಲಿ ವೆಚ್ಚಕೇಂದ್ರದ ಆಯ್ಕೆಯನ್ನು ತೆರೆದಿಡದಿದ್ದರೆ ನಮೂದಿಸುವಾಗ ಅದು ಕೇಳುವುದೇ ಇಲ್ಲ.