ಎಬ್ಬಿಸಿ ನೋಡಿ, ಆಮೇಲೆ ಮಾತ್ರೆ ಕೊಡಿ

ಕ್ಯಾನ್ಸರ್ ನೋವಿಗೆ ಮಾರ್ಫಿನ್ ಮಾತ್ರೆ ಬರೆದುಕೊಟ್ಟು ರೋಗಿಯನ್ನು ಮನೆಗೆ ಕಳಿಸಿದಾಗ, ಮೊದಲ ಎರಡು ಮೂರು ದಿನ ಮನೆಯವರು ಸರಿಯಾಗಿ ಮಲಗುವುದಿಲ್ಲ. ರೋಗಿ ಕಣ್ಣು ಮುಚ್ಚಿದರೆ ಭಯ, ತೂಕಡಿಸಿದರೆ ಭಯ. ನಾಲ್ಕನೆಯ ದಿನಕ್ಕೆ ರೋಗಿ ಎದ್ದು ಕುಳಿತು ಗಂಜಿ ಕುಡಿದು ಮೊಮ್ಮಗಳನ್ನು ಮಾತಾಡಿಸಿದರೆ, ಮನೆಯವರ ಭಯ ಹೋಗುತ್ತದೆ, ಅದರೊಡನೆ ಎಚ್ಚರವೂ ಹೋಗುತ್ತದೆ. ಮುಂದೆ ಎಂದೋ ಒಂದು ಸಂಜೆ ಅವರು ಗಾಢವಾಗಿ ಗೊರಕೆ ಹೊಡೆಯತೊಡಗಿದಾಗ ‘ಅಂತೂ ಇವತ್ತು ಒಳ್ಳೆ ನಿದ್ದೆ ಬಂತು’ ಎಂದು ಎಲ್ಲರೂ ಸಮಾಧಾನಪಡುತ್ತಾರೆ. ನಾವು ಎಚ್ಚರಿಸಬೇಕೆಂದಿರುವುದು ಆ ಸಂಜೆಯ ಬಗ್ಗೆ.

ಮೊದಲ ದಿನಗಳ ಮಂಪರು ಹೆಚ್ಚಿನ ರೋಗಿಗಳಲ್ಲಿ ನಿರೀಕ್ಷಿತವೇ. ಮಾರ್ಫಿನ್ ಶುರು ಮಾಡಿದಾಗ ಅಥವಾ ಪ್ರಮಾಣ ಏರಿಸಿದಾಗ ಅದು ಬರುತ್ತದೆ, ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಮಿದುಳು ಔಷಧಕ್ಕೆ ಒಗ್ಗಿಕೊಂಡಂತೆ ಇಳಿಯುತ್ತದೆ. ವಾರಗಟ್ಟಲೆ ನೋವಿನಿಂದ ಕೆಟ್ಟ ನಿದ್ದೆಯ ಬಾಕಿಯೂ ಅದರಲ್ಲಿ ಸೇರಿರುತ್ತದೆ. ಈ ಮಂಪರಿನಲ್ಲಿರುವವರನ್ನು ಹೆಸರು ಹಿಡಿದು ಕರೆದರೆ ಕಣ್ಣು ಬಿಡುತ್ತಾರೆ, ಕೇಳಿದ್ದಕ್ಕೆ ಹೊಂದುವ ಉತ್ತರ ಕೊಡುತ್ತಾರೆ, ನೀರು ಕೇಳುತ್ತಾರೆ, ‘ಮಲಗೋಕೆ ಬಿಡು’ ಎಂದು ರೇಗುತ್ತಾರೆ. ರೇಗುವುದು ಒಳ್ಳೆಯ ಲಕ್ಷಣ. ಉಸಿರು ಒಂದೇ ಲಯದಲ್ಲಿ, ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತರ ಆಸುಪಾಸು ನಡೆಯುತ್ತಿರುತ್ತದೆ.

ಅಪಾಯ ಬೇರೆ ದಾರಿಯಲ್ಲಿ ಬರುತ್ತದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗ ಮಿದುಳಿನ ಬುಡದಲ್ಲಿರುವ ಕೇಂದ್ರವೊಂದು ಉಸಿರೆಳೆಯಲು ಒತ್ತಾಯಿಸುತ್ತದೆ. ಮಾರ್ಫಿನ್, ಫೆಂಟನಿಲ್, ಟ್ರಮಡಾಲ್ ಮುಂತಾದ ಓಪಿಯಾಯ್ಡ್ ಔಷಧಗಳು ಅತಿಯಾದರೆ ಆ ಕೇಂದ್ರ ಮಂದವಾಗುತ್ತದೆ, ಉಸಿರು ಕಡಿಮೆಯಾಗುತ್ತದೆ. ಉಸಿರಾಡಲಾಗದೆ ಒದ್ದಾಡುವುದು, ಎದೆ ಹಿಡಿದುಕೊಳ್ಳುವುದು, ಕೂಗುವುದು, ಯಾವುದೂ ಇರುವುದಿಲ್ಲ. ಕಷ್ಟಪಡುವ ಲಕ್ಷಣಗಳನ್ನೇ ಹುಡುಕುವ ಮನೆಯವರಿಗೆ ಇದು ಕಾಣದೇ ಹೋಗುವುದು ಸಹಜ. ಆದರೆ ಉಸಿರು ಕುಗ್ಗುವ ಮೊದಲು ಸಾಮಾನ್ಯವಾಗಿ ಎಚ್ಚರ ಕುಗ್ಗುತ್ತದೆ. ಆ ನಡುವಿನ ಗಂಟೆಗಳಲ್ಲಿ ಗುರುತಿಸಿದರೆ ಅನಾಹುತ ತಪ್ಪಿಸಬಹುದು.

ಇದು ಹೇಗೆ ನಡೆಯುತ್ತದೆ ಎಂಬುದಕ್ಕೆ ಒಂದು ಕಲ್ಪಿತ ಉದಾಹರಣೆ ನೋಡೋಣ. ಬಾಯಿ ಕ್ಯಾನ್ಸರ್ ಇರುವ ಅರವತ್ತರ ಹಿರಿಯರೊಬ್ಬರಿಗೆ 10 ಮಿಲಿಗ್ರಾಂ ಮಾರ್ಫಿನ್ ಮಾತ್ರೆ ನಾಲ್ಕು ಗಂಟೆಗೊಮ್ಮೆ ಕೊಡಲು ಬರೆದಿದ್ದಾರೆ. ಬೆಳಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು. ನಡುರಾತ್ರಿ ಎಬ್ಬಿಸುವುದು ಬೇಡವೆಂದು ರಾತ್ರಿ ಹತ್ತಕ್ಕೆ ಎರಡು ಮಾತ್ರೆ. ಎರಡು ವಾರ ಎಲ್ಲವೂ ಸರಿಯಾಗಿತ್ತು. ಆಮೇಲೆ ಎರಡು ದಿನ ವಾಂತಿ ಭೇದಿ. ನೀರು ನಿಲ್ಲಲಿಲ್ಲ, ಮೂತ್ರ ದಿನಕ್ಕೊಮ್ಮೆ, ಅದೂ ಸ್ವಲ್ಪವೇ, ಗಾಢ ಬಣ್ಣದ್ದು. ಮಾತ್ರೆ ಮಾತ್ರ ತಪ್ಪಲಿಲ್ಲ. ವೇಳೆಗೆ ಸರಿಯಾಗಿ ಕೊಡಬೇಕೆಂದು ಆಸ್ಪತ್ರೆಯಲ್ಲಿ ಒತ್ತಿ ಹೇಳಿದ್ದರು, ಮಗ ಹಾಗೆಯೇ ಕೊಟ್ಟ.

ಮಾರ್ಫಿನ್ ಯಕೃತ್ತಿನಲ್ಲಿ ಒಡೆದಾಗ ಹುಟ್ಟುವ ವಸ್ತುಗಳಲ್ಲಿ ಒಂದು ಸ್ವತಃ ಬಲವಾದ ನೋವುನಿವಾರಕ. ಅದು ಮೂತ್ರಪಿಂಡದ ಮೂಲಕವೇ ಹೊರಹೋಗಬೇಕು. ದೇಹದಲ್ಲಿ ನೀರು ಬತ್ತಿ ಮೂತ್ರಪಿಂಡದ ಕೆಲಸ ಕುಂಠಿತವಾದಾಗ ಅದು ಒಳಗೇ ಸೇರುತ್ತಾ ಹೋಗುತ್ತದೆ. ಮಾತ್ರೆಯ ಸಂಖ್ಯೆ ಬದಲಾಗಿರುವುದಿಲ್ಲ, ಪರಿಣಾಮ ಮಾತ್ರ ಏರುತ್ತಿರುತ್ತದೆ. ಆ ಹಿರಿಯರು ಮೂರನೆಯ ದಿನ ಮಧ್ಯಾಹ್ನ ಮಾತಾಡುತ್ತಾ ಮಾತಾಡುತ್ತಾ ವಾಕ್ಯದ ಮಧ್ಯದಲ್ಲೇ ತೂಕಡಿಸಿದರು. ಕೈಗಳು ಆಗಾಗ ತಟ್ಟನೆ ಅದುರಿದವು. ಗೋಡೆಯ ಮೇಲೆ ಹುಳು ಹರಿಯುತ್ತಿದೆ ಎಂದರು. ಆರು ಗಂಟೆಗೆ ಮಾತ್ರೆ ಬಾಯಲ್ಲಿಟ್ಟರೆ ನುಂಗುವುದನ್ನೇ ಮರೆತರು. ಎಂಟರ ಹೊತ್ತಿಗೆ ಎಂದೂ ಇಲ್ಲದ ದಪ್ಪ ಗೊರಕೆ. ಹತ್ತಕ್ಕೆ ಎರಡು ಮಾತ್ರೆ ಕೊಡುವ ವೇಳೆ.

ಇಲ್ಲಿ ಆ ಮಗ ಮಾಡಬೇಕಾದದ್ದು ಎರಡು ಪರೀಕ್ಷೆ, ಇದೇ ಕ್ರಮದಲ್ಲಿ. ಮೊದಲು ಮುಟ್ಟದೆ, ಕರೆಯದೆ ಪಕ್ಕದಲ್ಲಿ ಕುಳಿತು, ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಹೊಟ್ಟೆ ಎದೆ ಏರಿಳಿಯುವುದನ್ನು ಎಣಿಸಬೇಕು. ಮೊದಲೇ ಎಬ್ಬಿಸಿದರೆ ಆ ಎಚ್ಚರದಿಂದಲೇ ಉಸಿರು ಚುರುಕಾಗುತ್ತದೆ, ಲೆಕ್ಕ ತಪ್ಪುತ್ತದೆ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದೂ ಬೇಡ, ಏಕೆಂದರೆ ಉಸಿರಿನ ನಡುವೆ ದೀರ್ಘ ವಿರಾಮಗಳಿದ್ದರೆ ಅವು ಆ ಎಣಿಕೆಯಲ್ಲಿ ಜಾರಿಹೋಗುತ್ತವೆ. ಆದರೆ ಉಸಿರು ನಿಂತಂತೆ ಕಂಡರೆ, ತುಟಿ ಕಪ್ಪಿಟ್ಟಿದ್ದರೆ ಎಣಿಸುತ್ತಾ ಕೂರಬಾರದು. ಎಣಿಕೆ ಮುಗಿದ ಮೇಲೆ ಕರೆಯಬೇಕು. ‘ಅಪ್ಪಾ’ ಎಂದು ಮಾಮೂಲಿ ದನಿಯಲ್ಲಿ, ಓಗೊಡದಿದ್ದರೆ ಜೋರಾಗಿ, ಆಮೇಲೆ ಭುಜ ಅಲುಗಾಡಿಸಿ. ಕಣ್ಣು ಬಿಟ್ಟರೆ ಸಾಲದು, ಒಂದು ಪ್ರಶ್ನೆ ಕೇಳಿ ಉತ್ತರ ಮುಗಿಯುವವರೆಗೆ ಎಚ್ಚರ ನಿಲ್ಲುತ್ತದೆಯೇ ನೋಡಬೇಕು.

ಮಾತಿನ ಮಧ್ಯದಲ್ಲಿ ಮತ್ತೆ ಮತ್ತೆ ನಿದ್ದೆಗೆ ಜಾರುತ್ತಿದ್ದರೆ, ಉಸಿರಿನ ಎಣಿಕೆ ಸರಿಯಿದ್ದರೂ ಮುಂದಿನ ಮಾತ್ರೆ ತಡೆಹಿಡಿದು ವೈದ್ಯರಿಗೆ ಅಥವಾ ಉಪಶಮನ ಆರೈಕೆಯ ನರ್ಸಿಗೆ ಆಗಲೇ ಫೋನ್ ಮಾಡಬೇಕು. ಉಸಿರು ನಿಮಿಷಕ್ಕೆ ಹತ್ತು ಅಥವಾ ಅದಕ್ಕಿಂತ ಕಡಿಮೆಯಿದ್ದು ಮಂಪರೂ ಇದ್ದರೆ ಹಾಗೆಯೇ. ಎಂಟಕ್ಕಿಂತ ಕಡಿಮೆಯಾದರೆ, ಅಥವಾ ಎಣಿಕೆ ಎಷ್ಟೇ ಇರಲಿ, ಜೋರಾಗಿ ಅಲುಗಾಡಿಸಿದರೂ ಏಳದಿದ್ದರೆ, ಅದು ತುರ್ತು ಸ್ಥಿತಿ: 108. ನಮ್ಮ ಹಿರಿಯರ ಎಣಿಕೆ ಒಂಬತ್ತು ಬಂತು, ಭುಜ ಅಲುಗಾಡಿಸಿದಾಗ ‘ಹ್ಞೂಂ’ ಎಂದು ಮತ್ತೆ ಜಾರಿದರು ಎಂದಿಟ್ಟುಕೊಳ್ಳಿ. ರಾತ್ರಿಯ ಎರಡು ಮಾತ್ರೆ ಕೊಡದೆ, ಫೋನ್ ಮಾಡಿ, ಪಕ್ಕದಲ್ಲೇ ಕುಳಿತು ಎಬ್ಬಿಸುತ್ತಾ ಇದ್ದರೆ ಆಸ್ಪತ್ರೆಗೆ ಹೋಗಿ ಡ್ರಿಪ್ ಹಾಕಿಸಿ ಪ್ರಮಾಣ ಬದಲಿಸಲು ಸಮಯ ಸಿಗುತ್ತದೆ. ‘ನೋವಿನಿಂದ ಏಳಬಾರದು’ ಎಂಬ ಪ್ರೀತಿಯಿಂದ ಅವನ್ನು ನುಂಗಿಸಿದರೆ, ಬಾಯಿಂದ ಕೊಟ್ಟ ಮಾರ್ಫಿನ್ ಸುಮಾರು ಒಂದು ಗಂಟೆಯಲ್ಲಿ ಪೂರ್ತಿ ಪ್ರಭಾವಕ್ಕೆ ಬರುತ್ತದೆ, ಮನೆಮಂದಿ ದೀಪ ಆರಿಸಿ ಮಲಗಿದ ಮೇಲೆ.

ದಾರಿ ತಪ್ಪಿಸುವ ಗುರುತುಗಳೂ ಇವೆ. ಹೊಸದಾಗಿ ಬಂದ ಗೊರಕೆ, ಅದರಲ್ಲೂ ಗೊರಗೊರ ಸದ್ದು ನಡುನಡುವೆ ನಿಂತು ಮತ್ತೆ ಶುರುವಾಗುತ್ತಿದ್ದರೆ, ನಾಲಿಗೆ ಗಂಟಲು ಸಡಿಲವಾಗಿ ಗಾಳಿಯ ದಾರಿ ಅರ್ಧ ಮುಚ್ಚುತ್ತಿದೆ ಎಂದರ್ಥ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವುದನ್ನು ಮಾತ್ರ ನಂಬಬೇಡಿ, ಮಾರ್ಫಿನ್ ಸರಿಯಾದ ಪ್ರಮಾಣದಲ್ಲಿದ್ದಾಗಲೂ ಹಾಗಾಗುತ್ತದೆ. ಕೋವಿಡ್ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರ್ ಅನೇಕ ಮನೆಗಳಲ್ಲಿದೆ. ಅದು ಆಮ್ಲಜನಕವನ್ನು ತೋರಿಸುತ್ತದೆಯೇ ಹೊರತು ಸೇರಿಕೊಳ್ಳುತ್ತಿರುವ ಇಂಗಾಲದ ಡೈಆಕ್ಸೈಡನ್ನಲ್ಲ. ಮನೆಯಲ್ಲಿ ಆಕ್ಸಿಜನ್ ಹಾಕಿದ್ದರಂತೂ ಉಸಿರು ಬಹಳ ಕುಗ್ಗಿದರೂ ತೊಂಬತ್ತಾರು ಎಂದೇ ತೋರಿಸಬಹುದು. ತುಟಿ ಕಪ್ಪಿಟ್ಟಿದೆಯೇ ಎಂಬುದು ನಮ್ಮ ಮೈಬಣ್ಣದಲ್ಲಿ ಬೇಗ ಕಾಣುವುದಿಲ್ಲ, ತುಟಿಯ ಒಳಭಾಗ, ನಾಲಿಗೆ, ಉಗುರಿನ ಬುಡ ನೋಡಬೇಕು. ಅಲ್ಲಿ ನೀಲಿ ಕಂಡರೆ ತಡವಾಗಿದೆ ಎಂದೇ ತಿಳಿಯಿರಿ.

ಏಳದ ರೋಗಿಗೆ ಕಾಫಿ, ನಿಂಬೆಹಣ್ಣಿನ ಪಾನಕ, ಮಜ್ಜಿಗೆ ಏನನ್ನೂ ಬಾಯಿಗೆ ಹುಯ್ಯಬಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. 108ಕ್ಕೆ ಕರೆ ಮಾಡಿ, ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಿ ಗದ್ದ ಎತ್ತಿ, ಉಸಿರಾಡುತ್ತಿದ್ದರೆ ಮಗ್ಗುಲಿಗೆ ಹೊರಳಿಸಿ ಹಿಡಿಯಿರಿ. ಉಸಿರು ನಿಂತಿದ್ದರೆ, ತೇಕಿದಂತಿದ್ದರೆ ಅದನ್ನೇ ಫೋನಿನಲ್ಲಿ ಹೇಳಿ, ಅವರು ಸೂಚಿಸಿದಂತೆ ಮಾಡಿ. ಬಂದವರ ಕೈಗೆ ಮಾತ್ರೆಯ ಪಟ್ಟಿಯನ್ನೂ ಚೀಟಿಯನ್ನೂ ಕೊಟ್ಟು ‘ಕ್ಯಾನ್ಸರ್ ನೋವಿಗೆ ಮಾರ್ಫಿನ್ ನಡೀತಿದೆ, ಕೊನೆಯದು ಇಷ್ಟು ಗಂಟೆಗೆ ಕೊಟ್ಟಿದ್ದು’ ಎನ್ನಿ. ಪ್ರತಿಮದ್ದಾದ ನಲೋಕ್ಸೋನ್ ಇಂಜೆಕ್ಷನನ್ನು ಇಂಥ ರೋಗಿಗಳಿಗೆ ಸ್ವಲ್ಪ ಸ್ವಲ್ಪವೇ ಕೊಡಬೇಕು, ಒಮ್ಮೆಲೇ ಕೊಟ್ಟರೆ ತಡೆದಿಟ್ಟ ನೋವೆಲ್ಲ ಒಟ್ಟಿಗೆ ಎರಗುತ್ತದೆ. ಅದರ ಪ್ರಭಾವ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯಷ್ಟೇ. ಮಾರ್ಫಿನ್ ಇನ್ನೂ ಮೈಯಲ್ಲಿರುತ್ತದೆ. ಎದ್ದು ಕುಳಿತರೆಂದು ಮನೆಗೆ ಕರೆತಂದರೆ ಮತ್ತೆ ಜಾರುತ್ತಾರೆ.

ಫೆಂಟನಿಲ್ ಪ್ಯಾಚ್ ಅಂಟಿಸಿದವರಲ್ಲಿ ಇನ್ನೊಂದು ಎಚ್ಚರ ಬೇಕು. ಒಂದು ಪ್ಯಾಚ್ ಮೂರು ದಿನದ್ದು. ಜ್ವರ, ಬಿಸಿನೀರಿನ ಚೀಲ, ಬಿಸಿಲು, ಯಾವುದೇ ಶಾಖ ಅದರಿಂದ ಔಷಧ ಬೇಗ ಒಳಹೋಗುವಂತೆ ಮಾಡುತ್ತದೆ. ಅತಿಯಾದ ಮಂಪರು ಕಂಡರೆ ಪ್ಯಾಚ್ ತೆಗೆಯಿರಿ, ಆದರೆ ಚರ್ಮದಡಿ ಸೇರಿದ ಔಷಧ ಇನ್ನೂ ಹಲವು ಗಂಟೆ ಇಳಿಯುತ್ತಲೇ ಇರುತ್ತದೆ. ಹಾಗೆಯೇ ನಿದ್ದೆಗೆಂದು ಆಲ್ಪ್ರಜೋಲಾಮ್, ನರನೋವಿಗೆಂದು ಪ್ರಿಗಾಬಲಿನ್, ಅಥವಾ ಒಂದಿಷ್ಟು ಮದ್ಯ ಸೇರಿದಾಗ ಹಳೆಯ ಪ್ರಮಾಣವೇ ಹೆಚ್ಚಾಗಬಹುದು. ರೇಡಿಯೇಶನ್ ಆದ ಮೇಲೂ ಗಮನವಿರಲಿ. ನೋವೂ ಉಸಿರನ್ನು ಚುರುಕಾಗಿಡುವ ಒಂದು ಪ್ರಚೋದನೆ. ನೋವು ಇಳಿದು ಮಾತ್ರೆ ಇಳಿಯದಿದ್ದರೆ ಮಂಪರು ಏರುತ್ತದೆ.

ಇದನ್ನೆಲ್ಲ ಓದಿ ಯಾರೂ ಮಾರ್ಫಿನನ್ನು ಹೆದರಿ ನಿಲ್ಲಿಸಬಾರದು ಎಂಬುದು ನಮ್ಮ ಕಳಕಳಿಯ ವಿನಂತಿ. ನೋವನ್ನು ನೋಡಿ ಸರಿಯಾಗಿ ಹೊಂದಿಸಿದ ಪ್ರಮಾಣದಲ್ಲಿ ಉಸಿರು ಅಪಾಯಕ್ಕೆ ಇಳಿಯುವುದು ಅಪರೂಪ. ಏಕಾಏಕಿ ನಿಲ್ಲಿಸಿದರೆ ನೋವು ಮರುಕಳಿಸುವುದರ ಜೊತೆಗೆ ಬೆವರು, ಭೇದಿ, ತಳಮಳವೂ ಬರುತ್ತವೆ. ಒಂದು ಮಾತ್ರೆ ತಡೆಹಿಡಿದು ಫೋನ್ ಮಾಡುವುದೇ ಬೇರೆ, ಔಷಧ ಬಿಟ್ಟುಬಿಡುವುದೇ ಬೇರೆ. ಇನ್ನು ರೋಗದ ಕೊನೆಯ ದಿನಗಳಲ್ಲಿ ರೋಗಿ ಹೆಚ್ಚು ಮಲಗುವುದು, ಉಸಿರು ಏರಿ ಇಳಿದು ನಡುವೆ ನಿಲ್ಲುವುದು ಸಾವಿನ ಸಹಜ ನಡೆ. ಅದು ಮಾತ್ರೆಯಿಂದ ಆದದ್ದಲ್ಲ. ಕೊನೆಯ ಗುಟುಕಿನ ಮಾರ್ಫಿನ್ ತಾನೇ ಕೊಟ್ಟೆನೆಂದು ವರ್ಷಗಟ್ಟಲೆ ಕೊರಗುವ ಮಕ್ಕಳಿದ್ದಾರೆ. ಆ ಹಂತ ಬಂದಿದೆಯೇ, ಬಂದಾಗ ಆಸ್ಪತ್ರೆಗೆ ಓಡಬೇಕೇ ಬೇಡವೇ ಎಂಬುದನ್ನು ಮನೆಯವರು ಮೊದಲೇ ವೈದ್ಯರನ್ನು ಕೇಳಿ ಇಟ್ಟುಕೊಳ್ಳಬೇಕು, ವೈದ್ಯರೂ ತಾವಾಗಿಯೇ ಹೇಳಬೇಕು.

ಆಸ್ಪತ್ರೆಗಳಿಗೂ ನಮ್ಮದೊಂದು ಬೇಡಿಕೆಯಿದೆ. ಡಿಸ್ಚಾರ್ಜ್ ಚೀಟಿಯಲ್ಲಿ ಔಷಧದ ಹೆಸರು ಇಂಗ್ಲಿಷಿನಲ್ಲಿ ಬರೆದು ‘ವೇಳೆಗೆ ಸರಿಯಾಗಿ ಕೊಡಿ’ ಎಂದರೆ ಕೆಲಸ ಮುಗಿಯಲಿಲ್ಲ. ಎಬ್ಬಿಸಿ ನೋಡುವುದು ಹೇಗೆ, ಉಸಿರು ಎಣಿಸುವುದು ಹೇಗೆ ಎಂಬುದನ್ನು ಮನೆಗೆ ಹೊರಡುವ ಮೊದಲು ಹಾಸಿಗೆಯ ಪಕ್ಕದಲ್ಲೇ ಮಗನಿಂದಲೋ ಸೊಸೆಯಿಂದಲೋ ಒಮ್ಮೆ ಮಾಡಿಸಬೇಕು. ಯಾವ ಎಣಿಕೆಗೆ ಮಾತ್ರೆ ತಡೆಯಬೇಕು, ವಾಂತಿ ಭೇದಿಯಾಗಿ ಮೂತ್ರ ಕಡಿಮೆಯಾದ ದಿನವೇ ಯಾರಿಗೆ ತಿಳಿಸಬೇಕು ಎಂಬುದು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಇರಬೇಕು. ಕೆಳಗೆ, ರಾತ್ರಿ ಹತ್ತು ಗಂಟೆಗೂ ಯಾರಾದರೂ ಎತ್ತುವ ಒಂದು ಫೋನ್ ನಂಬರ್.