ಹಸಿರಾದವರೆಲ್ಲ ಮೇಲಿನ ಶೇ. 10 ಅಲ್ಲ

ಬೋಧನಾ ಅಭ್ಯಾಸದ ಕೊನೆಯ ವಾರದಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಎಂಟನೇ ತರಗತಿಯ ಗಣಿತ ಘಟಕ ಪರೀಕ್ಷೆಯ ಅಂಕಪಟ್ಟಿಯನ್ನು ಎಕ್ಸೆಲ್‌ನಲ್ಲಿ ಮಾಡಿ ತಂದಿದ್ದರು. ಹಾಜರಿಯಲ್ಲಿ 32 ಮಕ್ಕಳು, ಪರೀಕ್ಷೆ 25 ಅಂಕಗಳದ್ದು. ಅಂಕಗಳ ಕಾಲಂನಲ್ಲಿ ಏಳು ಸೆಲ್‌ಗಳು ಹಸಿರಾಗಿದ್ದವು. ‘ಇವರು ಮೇಲಿನ ಶೇ. 10ರವರು ಸರ್, ಇವರನ್ನು ಗುಂಪಿನ ನಾಯಕರನ್ನಾಗಿ ಮಾಡಿದ್ದೇನೆ, ಇವರಿಗೆ ಪರಿಹಾರ ಬೋಧನೆ ಬೇಡ’ ಎಂದರು. 32ರಲ್ಲಿ ಏಳು ಎಂದರೆ ಶೇ. 10 ಹೇಗಾಗುತ್ತದೆ ಎಂದುಕೊಂಡು ಪಟ್ಟಿಯನ್ನು ಹತ್ತಿರದಿಂದ ನೋಡಿದೆ. ಏಳು ಹಸಿರು ಸೆಲ್‌ಗಳಲ್ಲಿ ಎರಡರಲ್ಲಿ ಅಂಕವೇ ಇರಲಿಲ್ಲ. AB ಎಂದಿತ್ತು. ಪರೀಕ್ಷೆಗೇ ಬಾರದ ಇಬ್ಬರು ಗುಂಪಿನ ನಾಯಕರಾಗಿದ್ದರು, ಅವರಿಗೆ ಪರಿಹಾರ ಬೋಧನೆಯೂ ತಪ್ಪಿತ್ತು.

ತಪ್ಪು ಪ್ರಶಿಕ್ಷಣಾರ್ಥಿಯ ಗಣಿತದಲ್ಲಿ ಇರಲಿಲ್ಲ. ಅವರು B2ರಿಂದ B33ರವರೆಗೆ ಆಯ್ದುಕೊಂಡು, Conditional Formatting ಒಳಗೆ New Rule, ಅದರಲ್ಲಿ Use a formula to determine which cells to format ಎಂಬುದನ್ನು ಒತ್ತಿ, ಹೀಗೆ ಬರೆದಿದ್ದರು:

```
=B2>=PERCENTILE.INC($B$2:$B$33,0.9)
```

ಸೂತ್ರ ಸರಿಯಾಗಿಯೇ ಇದೆ. ಆದರೆ ಎಕ್ಸೆಲ್ ಹೋಲಿಕೆ ಮಾಡುವಾಗ ಯಾವುದೇ ಅಕ್ಷರವನ್ನು ಯಾವುದೇ ಸಂಖ್ಯೆಗಿಂತ ದೊಡ್ಡದೆಂದೇ ಎಣಿಸುತ್ತದೆ. ಆದ್ದರಿಂದ AB ಎಂಬುದು 22ಕ್ಕಿಂತ ‘ಹೆಚ್ಚು’. ಪರ್ಸೆಂಟೈಲ್ ಲೆಕ್ಕ ಹಾಕುವಾಗ ಮಾತ್ರ ಆ ಸೆಲ್‌ಗಳನ್ನು ಅದು ಬಿಟ್ಟುಬಿಡುತ್ತದೆ. ಲೆಕ್ಕದಲ್ಲಿ ಇಲ್ಲದವರು ಬಣ್ಣದಲ್ಲಿ ಮಾತ್ರ ಇರುತ್ತಾರೆ.

ಉಳಿದದ್ದು ಐವರು. ಅದೂ ಶೇ. 10 ಅಲ್ಲವಲ್ಲ ಎಂದು ಅವರೇ ಕೇಳಿದರು. ಒಳ್ಳೆಯ ಪ್ರಶ್ನೆ. ಉತ್ತರ ಸೂತ್ರದ ಒಳಗಿದೆ. ಪರೀಕ್ಷೆ ಬರೆದವರು 30 ಮಂದಿ. ಅವರ ಅಂಕಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ನಿಲ್ಲಿಸಿದರೆ ಅವುಗಳ ನಡುವೆ 29 ಅಂತರಗಳಿರುತ್ತವೆ. 29ರ ಶೇ. 90 ಎಂದರೆ 26.1. ಮೊದಲನೆಯ ಅಂಕದಿಂದ 26 ಹೆಜ್ಜೆ ಇಟ್ಟರೆ 27ನೆಯ ಅಂಕಕ್ಕೆ ಬರುತ್ತೇವೆ, ಅಲ್ಲಿಂದ 28ನೆಯದರ ಕಡೆಗೆ ಇನ್ನೂ ಹತ್ತನೇ ಒಂದು ಹೆಜ್ಜೆ. ಅದೇ ಗಡಿ. ಈ ತರಗತಿಯಲ್ಲಿ ಮೇಲಿನ ಅಂಕಗಳು 24, 23, 22, 22, 22, ಆಮೇಲೆ 21. 27ನೆಯದೂ 22, 28ನೆಯದೂ 22. ಹಾಗಾಗಿ ಗಡಿ 22. ಅಷ್ಟೇ ಅಂಕ ಪಡೆದ ಮೂವರೂ ಒಳಗೆ ಬರುತ್ತಾರೆ, ಒಟ್ಟು ಐವರಾಗುತ್ತಾರೆ. ಸೂತ್ರದಲ್ಲಿ >= ಬದಲು > ಹಾಕಿದರೆ ಇಬ್ಬರೇ ಉಳಿಯುತ್ತಾರೆ. ಮೂವರು ಬರಬೇಕೆಂದರೆ 22 ಪಡೆದ ಮೂವರಲ್ಲಿ ಒಬ್ಬರನ್ನು ಮಾತ್ರ ಒಳಗೆ ಬಿಡಬೇಕು. ಯಾರನ್ನು ಎಂದು ಯಾವ ಸೂತ್ರವೂ ಹೇಳಲಾರದು. ಸಮ ಅಂಕದ ಮಕ್ಕಳಲ್ಲಿ ಭೇದ ಮಾಡುವುದಕ್ಕಿಂತ >= ಇಟ್ಟುಕೊಂಡು ಐವರನ್ನೂ ಒಪ್ಪಿಕೊಳ್ಳುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ವರದಿಯಲ್ಲಿ ಮಾತ್ರ ‘ಶೇ. 10 ಮಕ್ಕಳು’ ಎಂದು ಬರೆಯದೆ ‘22 ಮತ್ತು ಅದಕ್ಕಿಂತ ಹೆಚ್ಚು ಪಡೆದವರು, 5 ಮಂದಿ’ ಎಂದು ಬರೆಯಬೇಕು. ಒಂದು ವೇಳೆ 27ನೆಯ ಅಂಕ 21 ಆಗಿದ್ದರೆ ಗಡಿ 21.1 ಆಗುತ್ತಿತ್ತು. ಯಾರೂ ಪಡೆಯದ ಅಂಕ ಅದು. ಅದನ್ನು ನೋಡಿ ಗಾಬರಿಯಾಗಬೇಕಿಲ್ಲ.

ನಮ್ಮ ತಂತ್ರಜ್ಞಾನ ಪ್ರಾಯೋಗಿಕ ತರಗತಿಗಳ ಬಗ್ಗೆ ನನಗಿರುವ ಮುಖ್ಯ ತಕರಾರು ಇದು: ನಾವು ಗಡಿಯನ್ನು ನಿಯಮದ ಒಳಗೆ ಬಚ್ಚಿಡುವುದನ್ನು ಕಲಿಸುತ್ತೇವೆ. ಬಣ್ಣ ಕಾಣುತ್ತದೆ, ಗಡಿ ಕಾಣುವುದಿಲ್ಲ. Top/Bottom Rules ಒಳಗಿನ ಸಿದ್ಧ Top 10% ಬಳಸಿದರೂ ಇದೇ ಕಥೆ. ಗಡಿಯನ್ನು ಹಾಳೆಯ ಮೇಲೆಯೇ ಒಂದು ಸೆಲ್‌ನಲ್ಲಿ ಇಡಿಸಬೇಕು, ಅದರ ಕೆಳಗೆ ಎಣಿಕೆಗೆ ಸೇರಿದ ಅಂಕಗಳ ಸಂಖ್ಯೆಯನ್ನೂ ಇಡಿಸಬೇಕು. E1ರಲ್ಲಿ ಮೊದಲನೆಯದು, E2ರಲ್ಲಿ ಎರಡನೆಯದು, ಕೊನೆಯದು ಬಣ್ಣದ ನಿಯಮಕ್ಕೆ:

```
=PERCENTILE.INC($B$2:$B$33,0.9)
=COUNT($B$2:$B$33)
=AND(ISNUMBER(B2),B2>=$E$1)
```

ISNUMBER ಇರುವುದರಿಂದ AB ಇನ್ನು ಹಸಿರಾಗುವುದಿಲ್ಲ. ಅಷ್ಟಕ್ಕೇ ನಿಂತರೆ ಇನ್ನೊಂದು ಅಪಾಯ ಉಳಿಯುತ್ತದೆ. ಬೇರೆ ಕಡೆಯಿಂದ ನಕಲು ಮಾಡಿ ತಂದ ಅಂಕಗಳು ಕೆಲವೊಮ್ಮೆ ಸಂಖ್ಯೆಯಾಗಿ ಬಾರದೆ ಅಕ್ಷರರೂಪದಲ್ಲಿ ಕೂತಿರುತ್ತವೆ. ಕಣ್ಣಿಗೆ 24 ಎಂದೇ ಕಾಣುತ್ತದೆ, ಆದರೆ ಸೆಲ್‌ನ ಎಡಕ್ಕೆ ಅಂಟಿಕೊಂಡಿರುತ್ತದೆ. ಹಳೆಯ ಸೂತ್ರದಲ್ಲಾದರೆ ಹೀಗೆ ಬಂದ 9 ಕೂಡ ಹಸಿರಾಗುತ್ತಿತ್ತು. ಹೊಸ ಸೂತ್ರದಲ್ಲಿ 24 ಪಡೆದ ಮಗುವೇ ಸದ್ದಿಲ್ಲದೆ ಹೊರಗುಳಿಯುತ್ತದೆ. E2 ಇರುವುದು ಇದನ್ನು ಹಿಡಿಯಲಿಕ್ಕೆ. ಪರೀಕ್ಷೆ ಬರೆದವರು 30, ಆದರೆ E2 29 ತೋರಿಸಿದರೆ ಎಲ್ಲೋ ಒಂದು ಅಂಕ ಅಕ್ಷರವಾಗಿದೆ ಎಂದರ್ಥ. ಅದನ್ನು ಹುಡುಕಿ, ಸೆಲ್‌ನ ಸ್ವರೂಪ Text ಆಗಿದ್ದರೆ General ಎಂದು ಬದಲಿಸಿ, ಮತ್ತೆ ಸಂಖ್ಯೆಯಾಗಿ ಟೈಪ್ ಮಾಡಿದರೆ ಸಾಕು.

ಡಾಲರ್ ಚಿಹ್ನೆಯ ಮಾತನ್ನೂ ಹೇಳಿಬಿಡುತ್ತೇನೆ. ಮೊದಲ ಸೂತ್ರದಲ್ಲಿ ಅದನ್ನು ಬಿಟ್ಟು B2:B33 ಎಂದಷ್ಟೇ ಬರೆದರೆ ಪ್ರತಿ ಸಾಲಿಗೂ ವ್ಯಾಪ್ತಿ ಒಂದೊಂದು ಸಾಲು ಕೆಳಗೆ ಜಾರುತ್ತದೆ. ಕೊನೆಯ ಮಗುವಿನ ಹೊತ್ತಿಗೆ ವ್ಯಾಪ್ತಿಯಲ್ಲಿ ಆ ಮಗುವಿನ ಅಂಕವೊಂದೇ ಉಳಿದಿರುತ್ತದೆ. ತನ್ನೊಂದಿಗೆ ತಾನೇ ಹೋಲಿಸಿಕೊಂಡ ಮೇಲೆ 3 ಅಂಕ ಬಂದಿದ್ದರೂ ಹಸಿರೇ. ಪಟ್ಟಿಯ ತೀರ ಕೆಳಗಿನ ಸಾಲು ಕಾರಣವಿಲ್ಲದೆ ಹಸಿರಾಗಿದ್ದರೆ ಮೊದಲು ಡಾಲರ್ ಇದೆಯೇ ನೋಡಿ. ಬಣ್ಣಗಳೆಲ್ಲ ಒಂದು ಸಾಲು ಆಚೀಚೆ ಬಿದ್ದಿದ್ದರೆ, ಆಯ್ಕೆ B2ರಿಂದ ಶುರುವಾಗಿದೆ, ಸೂತ್ರದಲ್ಲಿ B1 ಇದೆ ಎಂದೇ ತಿಳಿಯಿರಿ. ಪ್ರಯೋಗಾಲಯದ ತೀರ ಹಳೆಯ ಗಣಕಗಳಲ್ಲಿ PERCENTILE.INC ಸಿಗದಿದ್ದರೆ ಬರಿಯ PERCENTILE ಅದೇ ಕೆಲಸ ಮಾಡುತ್ತದೆ.

ಇಷ್ಟೆಲ್ಲ ಸರಿಮಾಡಿದ ಮೇಲೂ ಪರಿಹಾರ ಬೋಧನೆ ಯಾರಿಗೆ ಬೇಡ ಎಂಬುದನ್ನು ಈ ಹಸಿರಿನಿಂದ ತೀರ್ಮಾನಿಸುವುದನ್ನು ನಾನು ಒಪ್ಪುವುದಿಲ್ಲ. ಅದೇ ಶಾಲೆಯ ಇನ್ನೊಂದು ವಿಭಾಗದಲ್ಲಿ ಅದೇ ಪ್ರಶ್ನೆಪತ್ರಿಕೆಗೆ E1 ತೋರಿಸಿದ್ದು 13. ಅಲ್ಲಿ ಹಸಿರಾದ ಮಕ್ಕಳಲ್ಲೂ ಕೆಲವರು ಅರ್ಧದಷ್ಟು ಪ್ರಶ್ನೆಗಳನ್ನು ತಪ್ಪಾಗಿಸಿಕೊಂಡಿದ್ದರು. ಪರ್ಸೆಂಟೈಲ್ ಹೇಳುವುದು ಆ ತರಗತಿಯೊಳಗಿನ ಸ್ಥಾನವನ್ನು ಮಾತ್ರ. ಎಷ್ಟೇ ಕೆಟ್ಟ ಫಲಿತಾಂಶ ಬಂದರೂ ಯಾರಾದರೂ ಕೆಲವರು ಹಸಿರಾಗಿಯೇ ಆಗುತ್ತಾರೆ. ಕಲಿಕೆ ಆಗಿದೆಯೇ ಎಂದು ನೋಡಲು ಶಿಕ್ಷಕರೇ ಮೊದಲು ನಿಗದಿ ಮಾಡಿದ ಅಂಕ ಬೇಕು. ಅದಕ್ಕೆ ಇನ್ನೊಂದು ನಿಯಮ, ಇನ್ನೊಂದು ಬಣ್ಣ ಹಾಕಿಕೊಳ್ಳಲಿ. ಗುಂಪಿನ ನಾಯಕರ ಆಯ್ಕೆಗೆ ಬೇಕಾದರೆ ಹಸಿರನ್ನು ನೋಡಿಕೊಳ್ಳಲಿ.

ನಮ್ಮ ಪ್ರಶಿಕ್ಷಣಾರ್ಥಿ ಪಟ್ಟಿಯನ್ನು ತಿದ್ದಿ ತಂದರು. E1 22, E2 30, ಐದು ಹಸಿರು. ಗೈರಾಗಿದ್ದ ಇಬ್ಬರಲ್ಲಿ ಒಬ್ಬಳು ಎರಡು ದಿನಗಳ ನಂತರ ಪರೀಕ್ಷೆ ಬರೆದು 23 ಪಡೆದಳು. ಅದನ್ನು ತುಂಬಿದಾಗ E2 31 ಆಯಿತು, ಗಡಿ 22ರಲ್ಲೇ ನಿಂತಿತು, ಹಸಿರು ಆರಾಯಿತು. ಇನ್ನೊಬ್ಬನ ಸೆಲ್‌ನಲ್ಲಿ AB ಹಾಗೆಯೇ ಇದೆ, ಬಣ್ಣವಿಲ್ಲದೆ. ಪರಿಹಾರ ಬೋಧನೆಯ ಪಟ್ಟಿಯಲ್ಲಿ ಈಗ ಅವನ ಹೆಸರು ಮೊದಲನೆಯದು.